ಪದಚರ್ಚೆ: ‘ವೀಸಾ ಅವಧಿ’ ಎಂದರೆ ಯಾವ ಅವಧಿ?

ಮಾಟುಂಗಾದಿಂದ

ಬಳಗದವರಿಗೆ ನಮಸ್ಕಾರ.

ನಮ್ಮ ಸಂಘದ ಮಾಸಪತ್ರಿಕೆಗೆ ವಿದೇಶ ಪ್ರವಾಸಿಗರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಪರಿಚಯದ ದಂಪತಿಯನ್ನು ಮುಂಬಯಿ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲೇ ತಡೆದದ್ದು ಇದಕ್ಕೆ ಕಾರಣ. ಫ್ರಾನ್ಸ್ ಕೊಟ್ಟ ಷೆಂಗೆನ್ ವೀಸಾ, ಮೇ 10ರಿಂದ ಜೂನ್ 13ರವರೆಗೆ. ಒಮ್ಮೆ ಮಾತ್ರ ಪ್ರವೇಶ. ಅವರ ಟಿಕೆಟ್ ಮೇ 12ಕ್ಕೆ ಹೋಗಿ ಜೂನ್ 2ಕ್ಕೆ ಮರಳುವುದು. ಎಲ್ಲವೂ ವೀಸಾದ ಒಳಗೇ ಇದೆಯಲ್ಲ ಎಂದು ಅವರ ವಾದ. ಆದರೆ ಅದೇ ಸ್ಟಿಕ್ಕರಿನಲ್ಲಿ ‘ಡ್ಯುರೇಶನ್ ಆಫ್ ಸ್ಟೇ’ ಎಂಬಲ್ಲಿ 20 ದಿನ ಎಂದಿತ್ತು.

ಕನ್ನಡದಲ್ಲಿ ಎರಡನ್ನೂ ‘ಅವಧಿ’ ಎಂದೇ ಬರೆಯುತ್ತೇವೆ. ‘ಸಿಂಧುತ್ವ’ ಎಂದರೆ ಓದುಗರಿಗೆ ಜಾತಿ ಪ್ರಮಾಣಪತ್ರ ನೆನಪಾಗುತ್ತದೆ. ಹೀಗೆ ತಡೆದದ್ದನ್ನು ‘ಪ್ರವೇಶ ನಿರಾಕರಣೆ’ ಎನ್ನಬಹುದೇ?

ಠಾಣೆಯಿಂದ

ಸಿಂಧುತ್ವ ಒಳ್ಳೆಯ ಪದ, ಅಂಜಬೇಡಿ. ವೀಸಾ ಸಿಂಧುವಾಗಿರುವಷ್ಟು ದಿನ ಅಲ್ಲಿರಬಹುದು. ದಿನ ಎಣಿಸುವ ಅಧಿಕಾರ ಗಡಿಯ ಅಧಿಕಾರಿಯದು, ವಿಮಾನ ಕಂಪನಿಯದಲ್ಲ. ಆ ದಂಪತಿ ಪರಿಹಾರ ಕೇಳಲಿ.

ಡೊಂಬಿವಲಿಯಿಂದ

ಠಾಣೆಯ ರಾಯರ ಮಾತಿನಲ್ಲಿ ಅರ್ಧ ನಿಜ. ಒಳಗೆ ಬಿಡುವುದು, ಬಿಡದಿರುವುದು ಗಡಿಯ ಅಧಿಕಾರಿಯ ತೀರ್ಮಾನವೇ. ಆದರೆ ಸರಿಯಾದ ಕಾಗದವಿಲ್ಲದವರನ್ನು ಕರೆತಂದರೆ ಕಂಪನಿಗೆ ದಂಡ ಬೀಳುತ್ತದೆ. ಷೆಂಗೆನ್ ದೇಶಗಳಲ್ಲಿ ಅದು ಒಬ್ಬ ಪ್ರಯಾಣಿಕನಿಗೆ ಸಾವಿರಾರು ಯೂರೋ ಆಗಬಹುದು. ಜೊತೆಗೆ ಆ ಪ್ರಯಾಣಿಕನನ್ನು ವಾಪಸು ತರುವ ಹೊಣೆಯೂ ಕಂಪನಿಯದೇ. ನಾನು ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ ಟಿಮ್ಯಾಟಿಕ್ ಎಂಬ ವ್ಯವಸ್ಥೆಯಲ್ಲಿ ಆಯಾ ದೇಶದ ನಿಯಮ ನೋಡಿ, ವೀಸಾ ಮತ್ತು ಮರಳುವ ಟಿಕೆಟನ್ನು ಪಕ್ಕಪಕ್ಕ ಇಟ್ಟು ಎಣಿಸುತ್ತಿದ್ದೆವು. ಎಲ್ಲ ಕೌಂಟರಿನವರೂ ಅಷ್ಟು ಎಣಿಸುವುದಿಲ್ಲ ಎಂಬುದೂ ಸತ್ಯ. ಅಲ್ಲಿ ಪಾರಾದವರು ಪ್ಯಾರಿಸ್ಸಿನಲ್ಲಿ ಉತ್ತರ ಹೇಳಬೇಕಾಗುತ್ತದೆ.

ಈಗ ಎಣಿಸಿ. ಮುಟ್ಟಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮೇ 12ರಿಂದ 20 ದಿನವೆಂದರೆ ಮೇ 31ಕ್ಕೆ ಮುಗಿಯಿತು. ಜೂನ್ 2 ಎಂದರೆ 22 ದಿನ. ಹಾಗಾದರೆ ಜೂನ್ 13 ಎಲ್ಲಿಂದ ಬಂತು? ಮೇ 10ರಿಂದ ಜೂನ್ 13ರವರೆಗೆ 35 ದಿನ: ಕೊಟ್ಟ 20ರ ಜೊತೆಗೆ ಇನ್ನೂ 15. ಪ್ರಯಾಣ ಹಿಂದೆಮುಂದೆ ಆದರೆ ಇರಲಿ ಎಂದು ಬಿಟ್ಟ ಸಡಿಲ ಅದು, ಉಳಿದುಕೊಳ್ಳಲು ಕೊಟ್ಟದ್ದಲ್ಲ. ತಿರುಗಿಸಿಯೂ ನೋಡಿ. ಜೂನ್ 5ಕ್ಕೆ ಒಳಹೊಕ್ಕರೆ 20 ದಿನ ಸಿಗುವುದಿಲ್ಲ, 13ಕ್ಕೆ ಹೊರಡಲೇಬೇಕು. ಆಗ ಒಂಬತ್ತೇ ದಿನ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು.

ಪರಿಹಾರದ ಆಸೆ ಬೇಡ. ಅದು ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿ ಹೊರಗಿಟ್ಟವರಿಗೆ. ಅವರು ಮಾಡಬೇಕಿದ್ದದ್ದು ಮರಳುವ ಟಿಕೆಟನ್ನು ಮೇ 31ಕ್ಕೆ ಅಥವಾ ಅದಕ್ಕೂ ಮೊದಲಿಗೆ ಬದಲಿಸಿ, ಕೌಂಟರ್ ಮುಚ್ಚುವುದರೊಳಗೆ ತೋರಿಸುವುದು.

‘ಪ್ರವೇಶ ನಿರಾಕರಣೆ’ ಖಂಡಿತ ಬೇಡ. ಅದು ಪರದೇಶದ ಗಡಿಯಲ್ಲಿ ಆಗುವಂಥದ್ದು. ಇವರನ್ನು ನಮ್ಮ ಇಮಿಗ್ರೇಷನ್‌ಗೂ ಮೊದಲೇ ನಿಲ್ಲಿಸಿದ್ದು. ಅಮೆರಿಕದ ಅರ್ಜಿಯಲ್ಲಿ ‘ನಮ್ಮ ದೇಶದಲ್ಲಿ ನಿಮಗೆ ಪ್ರವೇಶ ನಿರಾಕರಿಸಲಾಗಿದೆಯೇ’ ಎಂಬ ಪ್ರಶ್ನೆಯಿದೆ. ಕೌಂಟರಿನಲ್ಲಿ ತಡೆದದ್ದನ್ನೇ ಅದೆಂದು ತಿಳಿದು ಹೌದು ಎಂದು ಬರೆದವರನ್ನು ಕಂಡಿದ್ದೇನೆ. ‘ವಿಮಾನ ಹತ್ತಿಸಲಿಲ್ಲ’ ಎಂದು ಸರಳವಾಗಿ ಬರೆಯಿರಿ.

ಮುಲುಂಡ್‌ನಿಂದ

ಅಣ್ಣ, ನನಗೆ ಗಾಬರಿಯಾಯಿತು. ನನ್ನ ಅಮೆರಿಕ ವೀಸಾ ಹತ್ತು ವರ್ಷದ್ದು, ಅದರಲ್ಲಿ ಇಂಥ ದಿನಗಳ ಸಂಖ್ಯೆಯೇ ಇಲ್ಲ. ಮಗಳ ಮನೆಯಲ್ಲಿ ಎಂಟು ತಿಂಗಳು ಇರೋಣವೆಂದಿದ್ದೆ. ಸಂಖ್ಯೆ ಇಲ್ಲದಿದ್ದರೆ ಮಿತಿಯೂ ಇಲ್ಲವಷ್ಟೆ?

ಡೊಂಬಿವಲಿಯಿಂದ

ಇದೆ ಅಕ್ಕ. ಸ್ಟಿಕ್ಕರಿನ ತಾರೀಕು ಅಮೆರಿಕದ ಬಾಗಿಲಿಗೆ ಹೋಗಿ ನಿಲ್ಲುವ ಕೊನೆಯ ದಿನ ಮಾತ್ರ. ಎಷ್ಟು ದಿನ ಇರಬಹುದು ಎಂಬುದನ್ನು ಅಲ್ಲಿ ಇಳಿದ ಮೇಲೆ ಅಧಿಕಾರಿ ನಿಗದಿ ಮಾಡುತ್ತಾರೆ. ಅದು ಐ-94 ಎಂಬ ದಾಖಲೆಯಲ್ಲಿ ಸೇರುತ್ತದೆ, ಅಂತರ್ಜಾಲದಲ್ಲಿ ನೋಡಬಹುದು. ನಿಮ್ಮಂಥವರಿಗೆ ಸಾಮಾನ್ಯವಾಗಿ ಆರು ತಿಂಗಳು. ಹೆಚ್ಚು ಬೇಕಾದರೆ ಆ ತಾರೀಕು ದಾಟುವ ಮೊದಲೇ ಅಲ್ಲಿಂದಲೇ ಅರ್ಜಿ ಹಾಕಬೇಕು. ವೀಸಾ ಹತ್ತು ವರ್ಷದ್ದು ಎಂಬುದು ಆಗ ಸಹಾಯಕ್ಕೆ ಬರುವುದಿಲ್ಲ.

ಮಾಟುಂಗಾದಿಂದ

ಹಾಗಿದ್ದರೆ ‘ವೀಸಾದ ಮುದ್ದತು’, ‘ತಂಗುವ ದಿನಗಳು’ ಎಂದು ಎರಡಾಗಿ ಬರೆಯುತ್ತೇನೆ. ಮರಾಠಿಯ ‘ಮುದತ್’ ದಿನವೂ ಕಿವಿಗೆ ಬೀಳುವುದರಿಂದ ನಮ್ಮವರಿಗೆ ತಿಳಿಯುತ್ತದೆ.

ಠಾಣೆಯಿಂದ

ಎಣಿಕೆ ಒಪ್ಪಿದೆ, ಪದ ಒಪ್ಪಲಾರೆ. ಮುದ್ದತು ಠೇವಣಿ ಇಟ್ಟವನು ಕೊನೆಯ ದಿನದವರೆಗೂ ಹಣ ಅಲ್ಲೇ ಬಿಡುತ್ತಾನೆ. ನಿಮ್ಮ ಓದುಗರೂ ಜೂನ್ 13ರವರೆಗೆ ಅಲ್ಲೇ ಕೂರುತ್ತಾರೆ. ‘ಒಳಹೋಗಲು ಕೊನೆಯ ದಿನ’ ಎಂದರೆ ಆಗದೇ?

ಡೊಂಬಿವಲಿಯಿಂದ

ಅಮೆರಿಕಕ್ಕೆ ಆಗುತ್ತದೆ. ಷೆಂಗೆನ್‌ಗೆ ಆಗುವುದಿಲ್ಲ, ಅಲ್ಲಿ ಆ ತಾರೀಕಿನೊಳಗೆ ಹೊರಗೂ ಬಂದಿರಬೇಕು. ಎರಡಕ್ಕೂ ಹೊಂದುವ ಒಂದು ಪದ ನನಗಂತೂ ಹೊಳೆಯುತ್ತಿಲ್ಲ.