ಅಪ್‌ಡೇಟ್: ಗ್ರೈಂಡರ್ ವಾರಂಟಿ ಬಗ್ಗೆ ಮಾರಾಟಗಾರರ ಉತ್ತರ ಕೆಲಸಕ್ಕೆ ಬಂತು

ನನ್ನ ಪ್ರಶ್ನೆ: "ವೆಟ್ ಗ್ರೈಂಡರ್ ಮೋಟಾರ್‌ಗೆ 2 ವರ್ಷ ವಾರಂಟಿ ಅಂತ ಆನ್‌ಲೈನ್ ಪುಟದ ಪ್ರಶ್ನೋತ್ತರದಲ್ಲಿ ಮಾರಾಟಗಾರರೇ ಬರೆದಿದ್ದಾರೆ. ಕಾರ್ಡ್‌ನಲ್ಲಿ 1 ವರ್ಷ ಅಂತಿದೆ. ಆ ಉತ್ತರ ಸಾಕ್ಷಿ ಆಗುತ್ತಾ?"

ಆಯಿತು, ರಿಪೇರಿ ಹಣ ವಾಪಸ್ ಬಂತು. ಸರ್ವಿಸ್ ಸೆಂಟರ್‌ನಲ್ಲಿ ವಾದ ಮಾಡಿ ಅಂದವರ ಸಲಹೆ ನಡೆಯಲಿಲ್ಲ. ಕಂಪನಿ ಒಪ್ಪಿಕೊಂಡಿರುವುದು ಕಾರ್ಡ್‌ನಲ್ಲಿ ಇದ್ದಷ್ಟೇ. 2 ವರ್ಷದ ಮಾತು ಮಾರಾಟಗಾರರದ್ದು, ಹಾಗಾಗಿ ಕೇಳಬೇಕಾದ್ದು ಅವರನ್ನೇ. ಇದು ನನಗೆ ಹೊಳೆದಿರಲೇ ಇಲ್ಲ.

ಕೆಲಸಕ್ಕೆ ಬಂದಿದ್ದು "ಬಿಲ್‌ನಲ್ಲಿರುವ ಹೆಸರು ನೋಡಿ" ಎಂಬ ಸಲಹೆ. ಒಂದೇ ಪುಟದಲ್ಲಿ ಹಲವರು ಅದೇ ಮಾಲು ಮಾರುತ್ತಾರೆ, ಅಲ್ವಾ? ಉತ್ತರ ಕೊಟ್ಟವರು ಒಬ್ಬರು, ನಮಗೆ ಮಾರಿದವರು ಇನ್ನೊಬ್ಬರು ಆಗಿದ್ದರೆ ವಾದ ಬಿದ್ದುಹೋಗುತ್ತದೆ. ನನ್ನದರಲ್ಲಿ ಎರಡೂ ಒಂದೇ ಹೆಸರು. ಉತ್ತರದ ದಿನಾಂಕವೂ ನನ್ನ ಆರ್ಡರ್‌ಗಿಂತ ಮುಂಚಿನದು. ಅದನ್ನು ಓದಿಯೇ ಕೊಂಡೆ ಅನ್ನಲು ಅದು ಬೇಕು. ಕೆಳಗೆ ಇನ್ನೊಬ್ಬರು "5 ವರ್ಷ" ಅಂತ ಬರೆದಿದ್ದರು. ಅವರು ಸುಮ್ನೆ ನಮ್ಮಂಥ ಗ್ರಾಹಕರು, ಆ ಮಾತಿಗೆ ಮಾರಾಟಗಾರರು ಹೊಣೆ ಅಲ್ಲ.

ಪುಟದ ವಿಳಾಸ, ಪ್ರಶ್ನೆ, ಉತ್ತರ, ಹೆಸರು, ದಿನಾಂಕ ಎಲ್ಲಾ ಕಾಣುವ ಹಾಗೆ ಪಿಡಿಎಫ್ ಮಾಡಿ, ಬಿಲ್ ಜೊತೆ ಮೊದಲು ಮಾರಾಟಗಾರರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅವರು ಆದೇಶ ಮಾಡುವುದಿಲ್ಲ, ದೂರನ್ನು ಆ ಕಡೆಯವರಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ನನಗೆ ಅಷ್ಟೇ ಸಾಕಾಯಿತು.

ಗ್ರಾಹಕ ಆಯೋಗಕ್ಕೆ ಹೋಗುವವರು ಪಿಡಿಎಫ್ ಜೊತೆ, ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷಿಯಾಗಿ ಕೊಡುವಾಗ ಇಡುವ ಭಾರತೀಯ ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರವನ್ನೂ ಇಡುವುದು ಒಳ್ಳೆಯದು. ಅಂದಹಾಗೆ, ಆ ಉತ್ತರ ಈಗ ಪುಟದಲ್ಲಿ ಇಲ್ಲ.