ಒಂದೇ ಟ್ರಯಲ್‌ಗೆ ಇಬ್ಬರಿಂದ ಎರಡು ತೀರ್ಪು: ರಾಬ್ 2 ಬಳಸಿದವರು ಹೇಳಿ

ಪಿಜಿ ವಿದ್ಯಾರ್ಥಿನಿ, ಶಿವಮೊಗ್ಗ
ಗರ್ಭಿಣಿಯರ ರಕ್ತಹೀನತೆಗೆ ಕಬ್ಬಿಣದ ಇಂಜೆಕ್ಷನ್ ಮೇಲೋ ಮಾತ್ರೆ ಮೇಲೋ ಅಂತ ರಿವ್ಯೂ ಮಾಡ್ತಿದ್ದೀವಿ. ಒಂದು ಟ್ರಯಲ್‌ನಲ್ಲಿ ಎರಡೂ ಕಡೆ 100 ಜನ. ಕೊನೆಗೆ ಹಿಮೋಗ್ಲೋಬಿನ್ ಸಿಕ್ಕಿದ್ದು ಇಂಜೆಕ್ಷನ್ ಗುಂಪಲ್ಲಿ 92, ಮಾತ್ರೆ ಗುಂಪಲ್ಲಿ 81 ಜನರದ್ದು. ಯಾರಿಗೆ ಏನು ಕೊಟ್ಟರು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಟ್ರಯಲ್‌ಗಳಲ್ಲಿ ಪಕ್ಷಪಾತದ ಅಪಾಯ ಎಷ್ಟು ಅಂತ ಅಳೆಯೋ ರಾಬ್ 2 ಉಪಕರಣದಲ್ಲಿ, ಅದೇ ಕಾರಣಕ್ಕೆ, ನನ್ನ ಜೊತೆಗಾರ ಇಡೀ ಟ್ರಯಲ್ 'ಹೈ' ಅಂತಾನೆ, ನಾನು 'ಲೋ' ಅಂತ ಹಾಕಿದ್ದೀನಿ. ಯಾರು ಸರಿ?

ಫಾರ್ಮಸಿ ಉಪನ್ಯಾಸಕ, ತೀರ್ಥಹಳ್ಳಿ
200ರಲ್ಲಿ 27 ಜನ ತಪ್ಪಿದ್ದಾರೆ, ಶೇ 13.5. ಶೇ 20 ದಾಟಿಲ್ಲವಲ್ಲ, ಆ ಭಾಗ 'ಲೋ'. ಆದರೆ ಕುರುಡು ಮಾಡದ ಟ್ರಯಲ್ ಅಂದಮೇಲೆ ಒಟ್ಟು ತೀರ್ಪು 'ಹೈ'. ನಿಮ್ಮ ಜೊತೆಗಾರರೇ ಸರಿ.

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಸಾಗರ
ಸಾರ್, ಗೊತ್ತಿದ್ದೂ ಕೊಟ್ಟ ಚಿಕಿತ್ಸೆ ಅನುಮಾನಕ್ಕೆ ಕಾರಣ ಅನ್ನೋದು ನಿಜ. ಆದರೆ ರಾಬ್ 2ರಲ್ಲಿ ತೀರ್ಪು ಕೊಡೋದು ಟ್ರಯಲ್‌ಗಲ್ಲ, ಅದರ ಒಂದೊಂದು ಫಲಿತಾಂಶಕ್ಕೆ. ಈ ಟ್ರಯಲ್ ಹಿಮೋಗ್ಲೋಬಿನ್ ಜೊತೆಗೆ ಸುಸ್ತನ್ನೂ ಪ್ರಶ್ನಾವಳಿಯಲ್ಲಿ ಕೇಳಿದ್ದರೆ ಎರಡು ಬೇರೆ ಹಾಳೆ ತುಂಬಬೇಕು. ಹಿಮೋಗ್ಲೋಬಿನ್ ಅಳೆದದ್ದು ಲ್ಯಾಬಿನ ಯಂತ್ರ. ಯಾರಿಗೆ ಇಂಜೆಕ್ಷನ್ ಬಿತ್ತು ಅಂತ ಗೊತ್ತಿದ್ದರೂ ಅಂಕಿ ಬದಲಾಗಲ್ಲ, ಹಾಗಾಗಿ ಅಳತೆಯ ಡೊಮೈನ್, ಅಂದರೆ ಹಾಳೆಯ ನಾಲ್ಕನೇ ಭಾಗ, 'ಲೋ' ಆಗಬಹುದು. ಸುಸ್ತಿನ ವಿಷಯದಲ್ಲಿ ಉತ್ತರ ಕೊಡೋ ಹೆಂಗಸೇ ಅಳೆಯುವವಳು, ಅವಳಿಗೆ ತನ್ನ ಚಿಕಿತ್ಸೆ ಗೊತ್ತು. ಅಲ್ಲಿ 'ಲೋ' ಸಿಗೋದು ಕಷ್ಟ.

ಇನ್ನು ಶೇ 20ರ ಗೆರೆ ಈ ಉಪಕರಣದಲ್ಲಿಲ್ಲ. ಹಿಮೋಗ್ಲೋಬಿನ್‌ನಂಥ ಅಳತೆಗೆ ಶೇ 95ರಷ್ಟು ಜನರ ಮಾಹಿತಿ ಇದ್ದರೆ ಸಾಮಾನ್ಯವಾಗಿ ಸಾಕು ಅಂತ ಮಾರ್ಗದರ್ಶಿ ಹೇಳುತ್ತೆ. ಇಲ್ಲಿರೋದು ಶೇ 86.5. ಹಾಗಾಗಿ ಮೂರನೇ ಡೊಮೈನ್‌ನ 3.1ಕ್ಕೆ, ಅಂದರೆ ಹೆಚ್ಚುಕಡಿಮೆ ಎಲ್ಲರ ಮಾಹಿತಿಯೂ ಇದೆಯೇ ಅನ್ನೋ ಪ್ರಶ್ನೆಗೆ, 'ಇಲ್ಲ'. ಅಲ್ಲಿಂದ ಮುಂದೆ ಎಷ್ಟು ಜನ ಅನ್ನೋದಕ್ಕಿಂತ ಯಾಕೆ ತಪ್ಪಿದರು ಅನ್ನೋದೇ ಮುಖ್ಯ. ಲೇಖನದಲ್ಲಿ ಭಾಗವಹಿಸಿದವರ ಚಾರ್ಟ್ ಇರುತ್ತೆ, ಕಾರಣ ಏನು ಬರೆದಿದ್ದಾರೆ?

ಪಿಜಿ ವಿದ್ಯಾರ್ಥಿನಿ, ಶಿವಮೊಗ್ಗ
ಇಂಜೆಕ್ಷನ್ ಗುಂಪಲ್ಲಿ 8 ಜನವೂ ಹೆರಿಗೆಗೆ ತವರುಮನೆಗೆ ಹೋದವರು. ಮಾತ್ರೆ ಗುಂಪಲ್ಲಿ 7 ಜನ ತವರಿಗೆ, 12 ಜನರ ಎದುರು 'ಬರಲಿಲ್ಲ' ಅಂತಷ್ಟೇ.

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಸಾಗರ
ಆ 12 ಜನರೇ ಇಡೀ ಪ್ರಶ್ನೆ, ಮೇಡಂ. ತವರಿಗೆ ಹೋಗೋದು ಎರಡೂ ಕಡೆ ಹೆಚ್ಚುಕಡಿಮೆ ಸಮ, ಅದಕ್ಕೂ ಹಿಮೋಗ್ಲೋಬಿನ್‌ಗೂ ಅಷ್ಟಾಗಿ ನಂಟಿಲ್ಲ. ಮಳೆಗಾಲದಲ್ಲಿ ಬಸ್ಸಿಲ್ಲದೆ ಬರದಿದ್ದರೂ ಹಾಗೇ. ಕಾರಣ ಹೇಳದೆ ಮಾತ್ರೆ ಗುಂಪಲ್ಲಷ್ಟೇ ಬಿಟ್ಟವರಲ್ಲಿ ವಾಂತಿ, ಮಲಬದ್ಧತೆ ತಾಳದೆ ಮಾತ್ರೆ ನಿಲ್ಲಿಸಿದವರು ಇರೋ ಸಾಧ್ಯತೆ ಜಾಸ್ತಿ. ನಿಲ್ಲಿಸಿದರೆ ಹಿಮೋಗ್ಲೋಬಿನ್ ಏರಲ್ಲ. ಅಂದರೆ ಅಳತೆ ಸಿಗದಿರೋದಕ್ಕೂ ಅಳತೆಗೂ ಸಂಬಂಧ ಇರಬಹುದು: 3.3ಕ್ಕೆ 'ಬಹುಶಃ ಹೌದು'. ಆಮೇಲೆ 3.4, ಆ ಸಂಬಂಧ ನಿಜಕ್ಕೂ ಇದ್ದಿರೋದು ಸಂಭವವೇ? 'ಬಹುಶಃ ಇಲ್ಲ' ಅಂದರೆ 'ಸಮ್ ಕನ್ಸರ್ನ್ಸ್', 'ಬಹುಶಃ ಹೌದು' ಅಂದರೆ 'ಹೈ'. ಮಾಹಿತಿ ಇಲ್ಲ ಅಂದರೂ 'ಹೈ'. ಇದನ್ನು ತುಂಬಾ ಜನ ಗಮನಿಸಲ್ಲ.

ಲೇಖಕರು ಕೊನೆಯ ಅಳತೆಯನ್ನೇ ಮುಂದಕ್ಕೆಳೆದು ಖಾಲಿ ಜಾಗ ತುಂಬಿ 200 ಜನರದ್ದೂ ಇದೆ ಅಂತ ಬರೆದಿದ್ದರೆ ನಂಬಿ 3.1ಕ್ಕೆ 'ಹೌದು' ಹಾಕಬೇಡಿ. ತುಂಬಿದ ಅಂಕಿ ಅಳೆದ ಅಂಕಿಯಲ್ಲ.

ಆಯುರ್ವೇದ ವೈದ್ಯೆ, ಹೊಸನಗರ
ನಮ್ಮಲ್ಲಿ ಲೋಹಭಸ್ಮ ಕೊಟ್ಟು ಮೊದಲು, ನಂತರ ಹಿಮೋಗ್ಲೋಬಿನ್ ನೋಡಿದ ಅಧ್ಯಯನ ಇದೆ. ಒಂದೇ ಗುಂಪು, ಯಾರೂ ಬಿಟ್ಟಿಲ್ಲ. ಇದಕ್ಕೆ 'ಲೋ' ಬರುತ್ತಾ?

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಸಾಗರ
ಡಾಕ್ಟ್ರೇ, ಚೀಟಿ ಎತ್ತಿದ ಹಾಗೆ ಗುಂಪು ಹಂಚದ ಅಧ್ಯಯನಕ್ಕೆ ಈ ಉಪಕರಣ ಹೊಂದಲ್ಲ, ಮೊದಲ ಡೊಮೈನೇ ಹಂಚಿಕೆಯದ್ದು. ಹೋಲಿಸೋಕೆ ಇನ್ನೊಂದು ಗುಂಪೂ ಇಲ್ಲ. ಬೇರೆ ಉಪಕರಣ ನೋಡಬೇಕು.

ಫಾರ್ಮಸಿ ಉಪನ್ಯಾಸಕ, ತೀರ್ಥಹಳ್ಳಿ
ಶೇಕಡಾದ ವಿಷಯ ಒಪ್ಪಿದೆ. ಆದರೆ ಆ 12 ಜನರ ಹಿಮೋಗ್ಲೋಬಿನ್ ಕಡಿಮೆ ಇತ್ತು ಅಂದರೆ ಮಾತ್ರೆಯ ಸರಾಸರಿ ಇರಬೇಕಾದ್ದಕ್ಕಿಂತ ಚೆನ್ನಾಗಿ ಕಂಡಿದೆ. ಹಾಗಿದ್ದೂ ಇಂಜೆಕ್ಷನ್ ಮುಂದಿದ್ದರೆ ಫಲಿತಾಂಶ ಇನ್ನೂ ಗಟ್ಟಿ ಆಯಿತಲ್ಲ, 'ಹೈ' ಯಾಕೆ?

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಸಾಗರ
ಒಳ್ಳೆ ಪ್ರಶ್ನೆ. ಪಕ್ಷಪಾತ ಯಾವ ಕಡೆ ವಾಲಿದೆ ಅಂತ ಬರೆಯೋಕೆ ಹಾಳೆಯಲ್ಲಿ ಜಾಗ ಇದೆ, ಅಲ್ಲಿ ಬರೆಯಿರಿ. ದಿಕ್ಕು ಗೊತ್ತಾದ ಮಾತ್ರಕ್ಕೆ ತೀರ್ಪು ಇಳಿಯಲ್ಲ. ಒಂದು ಲೆಕ್ಕ ನೋಡಿ. ಸಿಕ್ಕವರ ಸರಾಸರಿ ಇಂಜೆಕ್ಷನ್‌ಗೆ 11.2, ಮಾತ್ರೆಗೆ 10.6 ಗ್ರಾಂ ಅಂತಿಟ್ಟುಕೊಳ್ಳಿ, ವ್ಯತ್ಯಾಸ 0.6. ತವರಿಗೆ ಹೋದವರನ್ನು ಲೆಕ್ಕದಿಂದ ಬಿಟ್ಟು, ಆ 12 ಜನರ ಸರಾಸರಿ 9.6 ಅಂತ ಸೇರಿಸಿದರೆ ವ್ಯತ್ಯಾಸ 0.73 ಆಗುತ್ತೆ. ಚೇತರಿಸಿಕೊಂಡು ಬರೋದು ಬೇಡ ಅಂದುಕೊಂಡವರಾಗಿ 11.6 ಇದ್ದರೆ 0.47ಕ್ಕೆ ಇಳಿಯುತ್ತೆ. ಇಂಥ ಲೆಕ್ಕವನ್ನು ಲೇಖಕರೇ ಕೊಟ್ಟು, ಫಲಿತಾಂಶ ಅಷ್ಟಾಗಿ ಅಲುಗಾಡಿಲ್ಲ ಅಂತ ಕಂಡರೆ 3.2ಕ್ಕೆ 'ಬಹುಶಃ ಹೌದು' ಹಾಕಬಹುದು, ಡೊಮೈನ್ 'ಲೋ' ಆಗುತ್ತೆ.

ಪಿಜಿ ವಿದ್ಯಾರ್ಥಿನಿ, ಶಿವಮೊಗ್ಗ
ಲೇಖಕರು ಕೊಟ್ಟಿಲ್ಲ. ನಾವೇ ಮಾಡಿದರೆ?

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಸಾಗರ
ನಾನಾದರೆ ಅದನ್ನು ವಿಶ್ಲೇಷಣೆಯ ಭಾಗದಲ್ಲಿಟ್ಟು, ಇಲ್ಲಿ 'ಹೈ' ಉಳಿಸುತ್ತೇನೆ. 0.47 ಮತ್ತು 0.73ರ ನಡುವಿನ ಅಂತರ ಸಣ್ಣದು ಅನ್ನಲು ನನಗೆ ಧೈರ್ಯ ಸಾಲದು. ಒಂದು ಡೊಮೈನ್ 'ಹೈ' ಆದರೆ ಆ ಫಲಿತಾಂಶದ ಒಟ್ಟು ತೀರ್ಪೂ 'ಹೈ'. ಅಂದರೆ ಜೊತೆಗಾರರ ಉತ್ತರ ಹಿಮೋಗ್ಲೋಬಿನ್‌ಗೆ ಹೊಂದುತ್ತೆ, ಅವರು ಕೊಟ್ಟ ಕಾರಣ ಹೊಂದಲ್ಲ.

ಫಾರ್ಮಸಿ ಉಪನ್ಯಾಸಕ, ತೀರ್ಥಹಳ್ಳಿ
ನಾನು 'ಸಮ್ ಕನ್ಸರ್ನ್ಸ್' ಅಂತಲೇ ಹಾಕ್ತೀನಿ. 12 ಜನ ಮಾತ್ರೆ ಬಿಟ್ಟರು ಅನ್ನೋಕೆ ಲೇಖನದಲ್ಲಿ ಒಂದು ಸಾಲೂ ಇಲ್ಲ, ಅದು ನಮ್ಮ ಊಹೆ. ಲೇಖಕರಿಗೊಂದು ಮೇಲ್ ಹಾಕಿ ಕಾರಣ ಕೇಳಿ, ಮೇಡಂ. ಉತ್ತರ ಬರೋವರೆಗೆ ಇಬ್ಬರ ಹಾಳೆಯನ್ನೂ ಬೇರೆಯಾಗಿಯೇ ಇಟ್ಟಿರಿ.