‘ವೆಲ್ ಡನ್’ನಲ್ಲಿ ಬಾವಿಯೂ ಇದೆ, ಭೇಷ್ ಕೂಡ ಇದೆ. ಕನ್ನಡದಲ್ಲಿ ಏನು ಮಾಡೋದು?

ಮಲ್ಲೇಶ್ವರದ ಅನುವಾದಕಿ (ಪ್ರಶ್ನೆ): ಸರ್ಜಾಪುರ ರಸ್ತೆ ಕಡೆಯ ಒಂದು ಬಡಾವಣೆಯವರು ಇಂಗುಬಾವಿ ತೋಡಿಸಿದ ಬಗ್ಗೆ ಇಂಗ್ಲಿಷ್ ಲೇಖನ ಇದೆ. ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹ ‘ವೆಲ್ ಡನ್, ಬೆಂಗಳೂರು’. ‘ಭೇಷ್ ಬೆಂಗಳೂರು’ ಅಂದರೆ ಬಾವಿ ಹೋಗುತ್ತೆ. ‘ಬಾವಿ ಆಯ್ತು ಬೆಂಗಳೂರು’ ಅಂದರೆ ನನಗೇ ನಗು ಬರುತ್ತೆ. ಎರಡು ಕಾಲಂ, ಒಂದೇ ಸಾಲು, ಹೆಚ್ಚೆಂದರೆ 14 ಅಕ್ಷರ. ನಾಳೆ ಸಂಜೆಗೆ ಕೊಡಬೇಕು. ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ದಾರಿ ತೋರಿಸಿ.

ಬಸವನಗುಡಿಯ ಹಳೇ ಡೆಸ್ಕ್‌ನವರು: ಮೇಡಂ, ಆ ಎರಡು ಅರ್ಥವನ್ನೂ ಒಂದೇ ಪದಕ್ಕೆ ತುಂಬಲು ಹೋಗಬೇಡಿ. ಯಾವುದನ್ನು ಬಿಟ್ಟರೂ ನಡೆಯುತ್ತೆ ಅಂತ ಮೊದಲು ನೋಡಿ. ಇಲ್ಲಿ ಹೊಗಳಿಕೆ ಬಿಡಬಹುದು, ಅದು ಉಪಶೀರ್ಷಿಕೆಯಲ್ಲಿ ಕೂರುತ್ತೆ. ಬಾವಿ ಬಿಡೋ ಹಾಗಿಲ್ಲ.

ಆಮೇಲೆ ಇಂಗ್ಲಿಷ್ ಹಾಳೆ ಮುಚ್ಚಿಡಿ. ಈ ಸುದ್ದಿಯಲ್ಲಿ ಬರುವ ಕನ್ನಡ ಪದಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬಾವಿ, ನೀರು, ಇಂಗು, ಬಾಯಾರಿಕೆ, ಕೊಡ, ರಾಟೆ. ಒಂದೊಂದು ಪದಕ್ಕೂ ಯಾವ ಗಾದೆ ಅಂಟಿಕೊಂಡಿದೆ, ಯಾವ ಪದ ಅದರ ಹಾಗೇ ಕೇಳಿಸುತ್ತೆ, ಎರಡನೇ ಅರ್ಥ ಇದೆಯಾ, ನೋಡಿ. ಶ್ಲೇಷೆ ಸಿಗೋದು ಈ ಚೀಟಿಯಲ್ಲೇ. ‘ವೆಲ್’ ಎಂಬ ಪದವನ್ನು ಎಷ್ಟು ತಿರುಗಿಸಿದರೂ ಕನ್ನಡದ ಶ್ಲೇಷೆ ಉದುರಲ್ಲ.

ಬಾವಿಗೆ ಮೊದಲು ಹೊಳೆಯೋದು ‘ಭಾವಿ’. ‘ಬಾವಿಯಲ್ಲೇ ಭಾವಿ’. ಚೆನ್ನಾಗಿದೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನಾನಿದ್ದ ಪತ್ರಿಕೆಯಲ್ಲಿ ಒಮ್ಮೆ ಇದೇ ಹೆಡ್ಡಿಂಗ್ ಕೊಟ್ಟು ಮನೆಗೆ ಹೋದೆ. ರಾತ್ರಿ ಪಾಳಿಯ ಪ್ರೂಫ್ ರೀಡರ್ ಅದನ್ನು ಕಾಗುಣಿತದ ತಪ್ಪು ಅಂದುಕೊಂಡು ತಿದ್ದಿದರು. ಬೆಳಗ್ಗೆ ಪೇಪರ್ ಬಿಡಿಸಿದರೆ ‘ಬಾವಿಯಲ್ಲೇ ಬಾವಿ’! ಅವರದ್ದೂ ತಪ್ಪಲ್ಲ ಬಿಡಿ. ಬಾವಿಯನ್ನು ‘ಭಾವಿ’ ಅಂತ ಬರೆಯುವವರು ಎಷ್ಟು ಜನ ಇದ್ದಾರೆ ಅಂದರೆ, ಓದುಗರಿಗೂ ಅದು ಶ್ಲೇಷೆ ಅನ್ನಿಸದೆ ಅಚ್ಚಿನ ದೋಷ ಅನ್ನಿಸುತ್ತೆ.

ಹಾಗಾಗಿ ನನ್ನ ಸಲಹೆ ಗಾದೆ ಕಡೆಗೆ. ‘ಬಾಯಾರಿದಾಗ ಬಾವಿ ತೋಡಿದ ಹಾಗೆ’ ಎಲ್ಲರಿಗೂ ಗೊತ್ತು. ಅದನ್ನೇ ತಿರುಗಿಸಿ: ‘ಬಾಯಾರುವ ಮೊದಲೇ ಬಾವಿ ತೋಡಿದರು’. 13 ಅಕ್ಷರ. ಬಾವಿಯೂ ಉಳಿಯಿತು, ಕೇಳದೇ ಶಹಬ್ಬಾಸ್‌ಗಿರಿಯೂ ಬಂತು.

ಗದಗದಿಂದ ಬಂದು ಯಶವಂತಪುರದಲ್ಲಿರುವವ: ಸರ್, ನಮ್ಮ ಕಡೆ ಬೋರ್ಡಿನ ಮೇಲೂ ‘ಭಾವಿ’ ಅಂತಲೇ ಬರೆದಿರುತ್ತಾರೆ. ಲಕ್ಕುಂಡಿಯ ಮುಸುಕಿನ ಭಾವಿ ಅಂತಲೇ ನಾವು ಓದಿದ್ದು. ನಿಮ್ಮ ಆ ಹಳೇ ಹೆಡ್ಡಿಂಗ್ ನಮ್ಮೂರಲ್ಲಿ ತಿದ್ದದೆ ಬಿಟ್ಟಿದ್ದರೂ ‘ಬಾವಿಯಲ್ಲೇ ಬಾವಿ’ ಅಂತಲೇ ಓದುತ್ತಿದ್ದರು!

ಇಂದಿರಾನಗರದ ಜಾಹೀರಾತು ಬರಹಗಾರ: ಇಷ್ಟೆಲ್ಲ ಯಾಕೆ? ‘ವೆಲ್ ಡನ್ ಬೆಂಗಳೂರು’ ಅಂತಲೇ ಕನ್ನಡ ಅಕ್ಷರದಲ್ಲಿ ಹಾಕಿ. ಬೆಂಗಳೂರಲ್ಲಿ ಇಂಗ್ಲಿಷ್ ಯಾರಿಗೆ ಬರಲ್ಲ? ಜಾಹೀರಾತಿನಲ್ಲಿ ನಾವು ದಿನಾ ಮಾಡೋದು ಇದನ್ನೇ. ಬೋರ್‌ವೆಲ್ ಅನ್ನೋದನ್ನ ಹಳ್ಳಿಯವರೂ ಹೇಳ್ತಾರೆ.

ಬಸವನಗುಡಿಯ ಹಳೇ ಡೆಸ್ಕ್‌ನವರು: ಅರ್ಧ ಸರಿ. ಬಳಕೆಯಲ್ಲಿರುವ ಇಂಗ್ಲಿಷ್ ಪದದ ಮೇಲೂ ಶ್ಲೇಷೆ ಮಾಡಬಹುದು, ಮಡಿ ಬೇಕಿಲ್ಲ. ಆದರೆ ಆ ಪದ ಕನ್ನಡದೊಳಗೆ ಎರಡೂ ಅರ್ಥದಲ್ಲಿ ಓಡಾಡುತ್ತಿರಬೇಕು. ‘ವೆಲ್ ಡನ್’ ಕನ್ನಡ ಅಕ್ಷರದಲ್ಲಿ ಕಂಡರೆ ಭೇಷ್ ಅಂತ ಮಾತ್ರ ಹೊಳೆಯುತ್ತೆ. ಬೋರ್‌ವೆಲ್ ನಮಗೆ ಒಂದೇ ಪದ. ಅದರೊಳಗಿನ ‘ವೆಲ್’ ಬಿಡಿಸಿ ಯಾರೂ ಕೇಳಿಸಿಕೊಳ್ಳಲ್ಲ. ನಿಮ್ಮ ಮನೆ ಪಕ್ಕದ ಅಂಗಡಿಯವರಿಗೆ ಓದಿ ಹೇಳಿ ನೋಡಿ, ‘ಯಾಕೆ, ಏನ್ ಮಾಡಿದ್ರು?’ ಅಂತಾರೆ.

ಜೆ.ಪಿ. ನಗರ, 30x40 ಸೈಟ್: ನಮ್ಮ ಮನೆಗೂ ಇಂಗುಬಾವಿ ತೋಡಿಸಬೇಕು. 3 ಅಡಿ ಅಗಲ, 20 ಅಡಿ ಆಳ ಸಾಕಾ? ರಿಂಗ್ ಸೇರಿ ಎಷ್ಟಾಗುತ್ತೆ? ಯಾರ ನಂಬರ್ ಇದೆ?

ಗದಗದಿಂದ ಬಂದು ಯಶವಂತಪುರದಲ್ಲಿರುವವ: ಅಣ್ಣಾ, ಇಲ್ಲಿ ತೋಡ್ತಿರೋದು ಹೆಡ್ಡಿಂಗ್. ಬಾವಿಗೆ ಮಣ್ಣು ವಡ್ಡರನ್ನು ವಿಚಾರಿಸಿ, ತಲೆಮಾರಿನಿಂದ ಅವರದು ಅದೇ ಕೆಲಸ.

ಮಲ್ಲೇಶ್ವರದ ಅನುವಾದಕಿ: ಗಾದೆ ತಿರುಗಿಸಿದ್ದು ತುಂಬಾ ಹಿಡಿಸಿತು ಸರ್. ಆದರೆ ಲೇಖನ ಮತ್ತೆ ಓದಿದಾಗ ಒಂದು ತೊಡಕು ಕಂಡಿತು. ಇವರು ಬಾವಿ ತೋಡಿಸಿದ್ದು 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಮೇಲೆ. ದಿನಕ್ಕೆ 8 ಟ್ಯಾಂಕರ್ ಬರುತ್ತಿತ್ತಂತೆ, ಈಗ 2 ಬರುತ್ತೆ. ಅಂದರೆ ‘ಮೊದಲೇ’ ಅಂತ ಹಾಕಿದರೆ ಸುಳ್ಳಾಗುತ್ತೆ ಅಲ್ವಾ?

ಬಸವನಗುಡಿಯ ಹಳೇ ಡೆಸ್ಕ್‌ನವರು: ಸುಳ್ಳೇ ಆಗುತ್ತೆ. ಒಳ್ಳೇ ಕೆಲಸ ಮಾಡಿದಿರಿ, ನಾನು ಪೂರ್ತಿ ಕೇಳದೇ ಬರೆದೆ. ಗಾದೆಯನ್ನು ಇದ್ದ ಹಾಗೇ ಹಾಕಿದರೂ ಆಗಲ್ಲ, ಅದು ಹಂಗಿಸುವ ಗಾದೆ. ಇಂಗ್ಲಿಷಿನಲ್ಲಿ ಬೆನ್ನು ತಟ್ಟಿದ್ದವರನ್ನು ಕನ್ನಡದಲ್ಲಿ ಚುಚ್ಚಿದ ಹಾಗಾಗುತ್ತೆ. ಅದನ್ನು ಕೈಬಿಡಿ.

ಚೀಟಿಗೆ ವಾಪಸ್ ಹೋಗೋಣ. ‘ಇಂಗು’ ಉಳಿದಿದೆ. ಅಡುಗೆಮನೆಯ ಇಂಗು ಬೇಡ, ‘ಇಂಗು ತೆಂಗು’ ಗಾದೆ ಹಿಡಿದರೆ ಓದುಗರು ಸಾರಿನ ಕಡೆ ಹೋಗ್ತಾರೆ. ಅದರ ಜೋಡಿ ‘ಹಿಂಗು’ ನೋಡಿ. ನೀರು ಇಂಗುತ್ತೆ, ದಾಹ ಹಿಂಗುತ್ತೆ. ‘ನೀರಿಂಗಿತು, ದಾಹ ಹಿಂಗಿತು’. ಬಾಯಲ್ಲಿ ಹೇಳಿ ನೋಡಿ, ಎರಡೂ ಒಂದರ ಬೆನ್ನಿಗೆ ಒಂದು ಬರುತ್ತೆ. ಆದರೆ 2 ಟ್ಯಾಂಕರ್ ಇನ್ನೂ ಬರುತ್ತಿರುವಾಗ ‘ಹಿಂಗಿತು’ ಜಾಸ್ತಿಯಾಯಿತು. ‘ನೀರಿಂಗಿದರೆ ದಾಹ ಹಿಂಗೀತು’ ಅನ್ನಿ. ಒಂದು ದೀರ್ಘ ಎಳೆದರೆ ಸಾಕು, ಆಗಿಹೋಯಿತು ಅನ್ನೋದು ಆಗಬಹುದು ಅಂತಾಗುತ್ತೆ. 10 ಅಕ್ಷರ. ಬಾವಿ ಪದ ಇಲ್ಲಿಲ್ಲ, ಅದಕ್ಕೆ ಉಪಶೀರ್ಷಿಕೆ: ‘ಬಾವಿ ತೋಡಿ ಟ್ಯಾಂಕರ್ ತಗ್ಗಿಸಿದ ಬಡಾವಣೆ’. ಫೋಟೋದಲ್ಲಿ ಬಾವಿ ಕಾಣುತ್ತಿದ್ದರೆ ಇನ್ನೂ ಒಳ್ಳೇದು.

ಇಂದಿರಾನಗರದ ಜಾಹೀರಾತು ಬರಹಗಾರ: ಸರಿ, ‘ವೆಲ್’ ಬಿಟ್ಟೆ. ‘ಬೋರ್’ ಇಟ್ಟುಕೊಳ್ಳಬಹುದಾ? ಬೋರ್‌ವೆಲ್‌ಗೂ ಬೋರ್ ಅಂತೀವಿ, ಬೇಜಾರಿಗೂ ಬೋರ್ ಅಂತೀವಿ. ‘ಬೋರ್ ಆಯ್ತು, ಬಾವಿ ತೋಡಿದ್ರು’.

ಬಸವನಗುಡಿಯ ಹಳೇ ಡೆಸ್ಕ್‌ನವರು: ಅಯ್ಯೋ, ಇದು ನನಗೆ ಹೊಳೆಯಬೇಕಿತ್ತು! ಎರಡೂ ಅರ್ಥ ಕನ್ನಡದಲ್ಲೇ ಓಡಾಡುತ್ತಿವೆ, ಬಾವಿಯೂ ಇದೆ. ಒಂದೇ ಬದಲಾವಣೆ. ‘ಆಯ್ತು’ ಅಂದರೆ ಹೊಸದಾಗಿ ಬೋರ್ ಕೊರೆಸಿ ಮುಗೀತು ಅಂತಲೂ ಕೇಳಿಸಬಹುದು. ‘ಬೋರ್ ಸಾಕು, ಬಾವಿ ಬೇಕು’ ಅನ್ನಿ. ಸಾಕು, ಬೇಕು ಪ್ರಾಸವೂ ಕೂಡುತ್ತೆ.

ಮಲ್ಲೇಶ್ವರದ ಅನುವಾದಕಿ: ಲೇಖನ ಓದದೇ ಇರುವ ನನ್ನ ಅತ್ತೆಗೆ ಎರಡೂ ಹೆಡ್ಡಿಂಗ್ ಹೇಳಿದೆ. ‘ಹಿಂಗೀತು’ ಕೇಳಿ ‘ಚೆನ್ನಾಗಿದೆ’ ಅಂದರು. ‘ಬೋರ್ ಸಾಕು’ ಕೇಳಿ ನಕ್ಕರು, ಆಮೇಲೆ ‘ಬೋರ್ ಕೈ ಕೊಡ್ತಾ?’ ಅಂತ ಕೇಳಿದರು. ಸಂಪಾದಕರಿಗೆ ಎರಡೂ ಕಳಿಸಿದೆ. ಬೋರ್ ಹೆಡ್ಡಿಂಗ್ ಆಡುಮಾತಾಯಿತು, ಆ ಪುಟಕ್ಕೆ ಒಗ್ಗಲ್ಲ ಅಂತಿದ್ದಾರೆ.

ಇಂದಿರಾನಗರದ ಜಾಹೀರಾತು ಬರಹಗಾರ: ‘ವೆಲ್ ಡನ್’ ಕೂಡ ಇಂಗ್ಲಿಷಿನಲ್ಲಿ ಆಡುಮಾತೇ ತಾನೇ?

ಬಸವನಗುಡಿಯ ಹಳೇ ಡೆಸ್ಕ್‌ನವರು: ಅದನ್ನು ಅವರಿಗೆ ಹೇಳಿ ನೋಡಿ ಮೇಡಂ. ಪುಟ ಅವರದ್ದು, ಒಪ್ಪದಿದ್ದರೆ ‘ಹಿಂಗೀತು’ ಹೋಗಲಿ. ಆದರೆ ‘ಹಿಂಗೀತು’ ಪದದ ದೀರ್ಘವನ್ನು ಪ್ರೂಫ್‌ನವರು ತಿದ್ದದ ಹಾಗೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಮಾತು ಬರೆದಿಡಿ.